ಚರ್ಚಾ ತರಗತಿಯಲ್ಲಿ ಖಂಡನೆ ಕಲಿಸಿದ ಬಗೆ

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ಒಂಬತ್ತನೆಯ ತರಗತಿಗೆ ಚರ್ಚೆಯ ತರಬೇತಿಯನ್ನೂ ನಡೆಸುತ್ತೇನೆ. ನಮ್ಮ ಚರ್ಚಾಸ್ಪರ್ಧೆಗಳಲ್ಲಿ ಪರ ಮತ್ತು ವಿರೋಧ ಮಾತನಾಡುವ ಮಕ್ಕಳು ಬಾಯಿಪಾಠ ಮಾಡಿಕೊಂಡು ಬಂದ ಭಾಷಣವನ್ನು ಒಪ್ಪಿಸಿ ಹೋಗುವುದೇ ಹೆಚ್ಚು. ಎದುರಿನವರು ಏನು ಹೇಳಿದರೂ ಆ ಭಾಷಣದಲ್ಲಿ ಒಂದು ಪದವೂ ಬದಲಾಗುವುದಿಲ್ಲ. ಆದ್ದರಿಂದ ನಾನು ಹೆಚ್ಚಿನ ಸಮಯವನ್ನು ಖಂಡನೆಗೇ ಮೀಸಲಿಟ್ಟೆ.

ನಾನು ಆರಿಸಿಕೊಂಡ ವಿಷಯ, ‘ಭಾರತದಲ್ಲಿ ಮತದಾನ ಕಡ್ಡಾಯವಾಗಬೇಕು’ ಎಂಬುದು. ಮೊದಲು ವಾದ ಕಟ್ಟುವುದನ್ನು ಕಲಿಸಿದೆ. ಪ್ರತಿಯೊಂದು ವಾದಕ್ಕೂ ಒಂದು ನಿಲುವು, ಅದಕ್ಕೊಂದು ಆಧಾರ, ಆ ಆಧಾರದಿಂದ ಈ ನಿಲುವು ಹೇಗೆ ಹೊರಡುತ್ತದೆ ಎಂದು ತಿಳಿಸುವ ಒಂದು ಕೊಂಡಿ ಇರಬೇಕು. ಮೊದಲ ಎರಡನ್ನು ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ. ಕೊಂಡಿಯನ್ನು ಬರೆಯದೆ ಬಿಟ್ಟುಬಿಡುತ್ತಾರೆ, ಏಕೆಂದರೆ ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ಅವರಿಗೆ ತೋರುತ್ತದೆ. ಎದುರಾಳಿ ಕೈ ಹಾಕಬೇಕಾದದ್ದು ಬಹುಪಾಲು ಅಲ್ಲಿಗೇ.

ಆಧಾರಕ್ಕೆ ಒಂದೊಂದು ಚೀಟಿ ಬರೆಸಿದೆ. ಅಂಕಿ ಯಾವುದು, ಯಾವ ವರ್ಷದ್ದು, ಎಣಿಸಿದವರು ಯಾರು ಎಂಬುದರ ಜೊತೆಗೆ ‘ಈ ಅಂಕಿ ಏನನ್ನು ಹೇಳುವುದಿಲ್ಲ’ ಎಂಬ ಒಂದು ಸಾಲೂ ಅದರಲ್ಲಿರಬೇಕು. ‘ಅಧ್ಯಯನಗಳ ಪ್ರಕಾರ’ ಎಂದು ಶುರುವಾಗುವ ವಾಕ್ಯಗಳು ಈ ಚೀಟಿಯ ಮುಂದೆ ನಿಲ್ಲುವುದಿಲ್ಲ.

ಪರ ತಂಡದ ಹುಡುಗನೊಬ್ಬ ಆಸ್ಟ್ರೇಲಿಯಾದ ಉದಾಹರಣೆ ತಂದ. ಅಲ್ಲಿ 1922ರ ಚುನಾವಣೆಯಲ್ಲಿ ಮತ ಹಾಕಿದವರು ಶೇಕಡಾ 60ಕ್ಕಿಂತ ಕಡಿಮೆ. 1924ರಲ್ಲಿ ಮತದಾನ ಕಡ್ಡಾಯವಾಯಿತು. 1925ರಲ್ಲಿ ಪ್ರಮಾಣ ಶೇಕಡಾ 91 ದಾಟಿತು. ವಿರೋಧ ತಂಡದ ಹುಡುಗಿ ತಕ್ಷಣ ಎದ್ದು, “ಒತ್ತಾಯ ಮಾಡುವುದು ಪ್ರಜಾಪ್ರಭುತ್ವಕ್ಕೆ ವಿರುದ್ಧ” ಎಂದಳು. ಅದು ಒಳ್ಳೆಯ ವಾದವೇ, ಆದರೆ ಖಂಡನೆಯಲ್ಲ. ಆ ಹುಡುಗನ ಮಾತು ಇದ್ದಲ್ಲೇ ಉಳಿಯಿತು. ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಎದುರಾಳಿಯ ಮಾತನ್ನು ತೆಗೆದುಹಾಕಿದರೂ ಖಂಡನೆಯ ವಾಕ್ಯ ಅರ್ಥಪೂರ್ಣವಾಗಿಯೇ ಉಳಿಯುವುದಾದರೆ, ಅದು ಖಂಡನೆಯ ವೇಷದಲ್ಲಿರುವ ಹೊಸ ವಾದವೆಂದು ತಿಳಿಯಬೇಕು.

ಆದ್ದರಿಂದ ಒಂದು ನಿಯಮ ಮಾಡಿದೆ. ಖಂಡಿಸುವವರು ಮೊದಲು ಎದುರಾಳಿಯ ವಾದವನ್ನು ತಮ್ಮ ಮಾತಿನಲ್ಲಿ ಹೇಳಬೇಕು, ಎದುರಾಳಿ “ಹೌದು, ನಾನು ಹೇಳಿದ್ದು ಇದೇ” ಎಂದು ಒಪ್ಪಬೇಕು. ನಮ್ಮ ಶಾಸ್ತ್ರಗ್ರಂಥಗಳು ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ವಾದವನ್ನು, ಮೊದಲು ಮಂಡಿಸುವುದೂ ಹೀಗೆಯೇ. ಆಮೇಲೆ ಮೂರು ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು: ಆಧಾರವೇ ತಪ್ಪೇ, ಆಧಾರ ಸರಿಯಿದ್ದರೂ ಕೊಂಡಿ ಸಡಿಲವೇ, ಎರಡೂ ಸರಿಯಿದ್ದರೂ ಅದಕ್ಕಿಂತ ತೂಕದ ಬೇರೆ ಸಂಗತಿ ಇದೆಯೇ?

ಅದೇ ಹುಡುಗಿ ಈ ಬಾರಿ ಎರಡನೆಯದನ್ನು ಆರಿಸಿಕೊಂಡಳು. ಆಸ್ಟ್ರೇಲಿಯಾದ ಅಂಕಿಯನ್ನು ಒಪ್ಪಿಕೊಂಡು, ಕಡ್ಡಾಯ ಮಾಡಿದರೆ ಮಾತ್ರ ಪ್ರಮಾಣ ಏರುತ್ತದೆ ಎಂಬ ಕೊಂಡಿಯನ್ನು ಪ್ರಶ್ನಿಸಿದಳು. ನಮ್ಮ ಮೊದಲ ಲೋಕಸಭಾ ಚುನಾವಣೆಯಲ್ಲಿ ಶೇಕಡಾ 45ರ ಆಸುಪಾಸಿನಲ್ಲಿದ್ದ ಮತದಾನ 2019ರ ಹೊತ್ತಿಗೆ ಶೇಕಡಾ 67 ಮುಟ್ಟಿದ್ದು ಯಾವ ದಂಡದ ಭಯದಿಂದಲೂ ಅಲ್ಲ ಎಂದಳು. ಹುಡುಗ ಸುಮ್ಮನಾಗಲಿಲ್ಲ. ಆ ಏರಿಕೆಗೆ ಏಳು ದಶಕಗಳ ಹತ್ತಿರ ಬೇಕಾಯಿತು, ಆಸ್ಟ್ರೇಲಿಯಾದಲ್ಲಿ ಅದು ಒಂದೇ ಚುನಾವಣೆಯಲ್ಲಿ ಆಯಿತು, ಅಲ್ಲದೆ ನಮ್ಮಲ್ಲಿ 2024ರಲ್ಲಿ ಪ್ರಮಾಣ ಶೇಕಡಾ 66ರ ಹತ್ತಿರಕ್ಕೆ ಇಳಿಯಿತು ಎಂದು ಉತ್ತರಿಸಿದ. ಇಬ್ಬರೂ ಒಂದೇ ಪ್ರಶ್ನೆಯ ಸುತ್ತ ಮಾತನಾಡುತ್ತಿದ್ದುದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

ಮೂರನೆಯ ಪ್ರಶ್ನೆಯನ್ನು ಎತ್ತಿದವನು ಬೇರೊಬ್ಬ. ರಾಯಚೂರಿನಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವರು ಮತ ಹಾಕಲು ಊರಿಗೆ ಬರದಿದ್ದರೆ ದಂಡ ಕಟ್ಟಬೇಕೇ ಎಂದು ಕೇಳಿದ. ಸೂಕ್ತ ಕಾರಣ ಕೊಟ್ಟವರಿಗೆ ಆಸ್ಟ್ರೇಲಿಯಾದಲ್ಲಿ ದಂಡವಿಲ್ಲ, ಉಳಿದವರಿಗೂ ಅದು 20 ಡಾಲರ್ ಮಾತ್ರ ಎಂಬ ಉತ್ತರ ಪರ ತಂಡದಲ್ಲಿ ಸಿದ್ಧವಿತ್ತು. ಆಗ ಅವನು ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದ: 2024ರಲ್ಲಿ ನಮ್ಮ ಮತದಾರರು 97 ಕೋಟಿಗೂ ಹೆಚ್ಚು, ಮತ ಹಾಕಿದವರು 64 ಕೋಟಿಗೂ ಹೆಚ್ಚು, ಹಾಕದವರು 33 ಕೋಟಿಯ ಆಸುಪಾಸು. ಇಷ್ಟು ಜನರಿಗೆ ನೋಟಿಸು ಕೊಟ್ಟು ಅವರ ಕಾರಣಗಳನ್ನು ಪರಿಶೀಲಿಸುವ ಕಚೇರಿ ಯಾವುದು ಎಂದು ಕೇಳಿದ. ಎದುರಾಳಿಯದೇ ಉದಾಹರಣೆಯನ್ನು ನಮ್ಮ ದೇಶದ ಅಳತೆಗೆ ತಂದು ನೋಡಿದ್ದರಿಂದ ಆ ಪ್ರಶ್ನೆಗೆ ತೂಕ ಬಂತು. ಪರ ತಂಡ, ಕಾನೂನು ಬಂದರೆ ಮತ ಹಾಕದವರ ಸಂಖ್ಯೆಯೇ ಇಳಿಯುವುದರಿಂದ ಈ ಲೆಕ್ಕ ಇಂದಿನದೇ ಹೊರತು ನಾಳೆಯದಲ್ಲ ಎಂದಿತು. ಲೆಕ್ಕ ಬರೆದ ಹುಡುಗನ ಚೀಟಿಯಲ್ಲಿ ‘ಹೇಳುವುದಿಲ್ಲ’ ಎಂಬ ಸಾಲಿನ ಮುಂದೆ ಬರೆದಿದ್ದೂ ಅದೇ ಆಗಿತ್ತು.

ಈ ಕ್ರಮಕ್ಕೆ ಮಿತಿಯೂ ಇದೆ. ಒತ್ತಾಯ ನ್ಯಾಯವೇ ಎಂಬಂಥ ಮೌಲ್ಯದ ಪ್ರಶ್ನೆಯನ್ನು ಚೀಟಿಯಲ್ಲಿರುವ ಅಂಕಿ ಬಗೆಹರಿಸುವುದಿಲ್ಲ. ಅಲ್ಲಿ ಮತ ಹಾಕದಿರುವುದೂ ಪ್ರಜೆಯ ಹಕ್ಕೇ, 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ನೋಟಾ ಇರುವಾಗ ಒತ್ತಾಯದ ಭಾರ ಕಡಿಮೆಯಾಗುತ್ತದೆಯೇ ಎಂದು ತತ್ತ್ವದ ನೆಲೆಯಲ್ಲೇ ವಾದಿಸಬೇಕಾಗುತ್ತದೆ. ಅಂಕ ಕೊಡುವಾಗ ಎದುರಾಳಿಯ ಮಾತನ್ನು ಸರಿಯಾಗಿ ಹೇಳಿದ್ದಕ್ಕೂ ಅದರ ಕೊಂಡಿಯನ್ನು ಗುರುತಿಸಿದ್ದಕ್ಕೂ ಸೇರಿ ಅರ್ಧದಷ್ಟು ಇಡುತ್ತೇನೆ. ಉಚ್ಚಾರಣೆ, ಹಾವಭಾವಗಳಿಗೆ ಉಳಿಯುವುದು ಸ್ವಲ್ಪವೇ. ಸಭಾಕಂಪವಿರುವ ಮಕ್ಕಳೂ ಈಗ ಎದ್ದು ನಿಂತು ಖಂಡಿಸುತ್ತಾರೆ.