ಎರಡು ಫೋನ್ ಪಕ್ಕ ಪಕ್ಕ ಇಟ್ಟು ಪಟ್ಟಿ ಮಾಡಿದ್ದು: ನನ್ನ ಅನುಭವ

ಮಂಡ್ಯದಲ್ಲಿ ನನ್ನದು ಸೆಕೆಂಡ್ ಹ್ಯಾಂಡ್ ಫೋನ್ ಅಂಗಡಿ. ಎರಡು ಮಾಡೆಲ್ ನಡುವೆ ಗಿರಾಕಿಗಳು ಒದ್ದಾಡುವಾಗ ಒಂದು ಹಾಳೆಯಲ್ಲಿ ಹೋಲಿಕೆ ಪಟ್ಟಿ ಮಾಡಿಕೊಡುತ್ತೇನೆ, ಮನೆಗೆ ತಗೊಂಡು ಹೋಗಿ ನೋಡಲಿ ಅಂತ. ಈಚೆಗೆ ಪಾಂಡವಪುರದಿಂದ ಬಂದಿದ್ದ ಟೀಚರ್ ಒಬ್ಬರಿಗೆ ಪಿಕ್ಸೆಲ್ 7ಎ, ಗ್ಯಾಲಕ್ಸಿ ಎ54 ಎರಡರಲ್ಲಿ ಒಂದು ಬೇಕಿತ್ತು. ಎರಡೂ 2023ರ ಫೋನ್‌ಗಳು. ಅವರ ಕೈಯಲ್ಲಿ ಬೇರೆಲ್ಲೋ ಕೊಟ್ಟ ಒಂದು ಪಟ್ಟಿ ಇತ್ತು. ಅದರ ತುಂಬಾ ಹಸಿರು ಟಿಕ್, ಅಲ್ಲಲ್ಲಿ ಖಾಲಿ ಮನೆ.

"ಅಣ್ಣಾ, ಈ ಖಾಲಿ ಬಿಟ್ಟಿರೋದು ಇಲ್ಲ ಅಂತಲಾ, ಬರೆದಿಲ್ಲ ಅಂತಲಾ?" ಅಂದರು. ಸರಿಯಾದ ಪ್ರಶ್ನೆ. ಖಾಲಿ ಮನೆಗೆ ಈ ಎರಡು ಅರ್ಥವೂ ಇರಬಹುದು. ಅಡ್ಡಗೆರೆ ಎಳೆದರೂ ಅಷ್ಟೇ. ಅದಕ್ಕೇ ನನ್ನ ಪಟ್ಟಿಯಲ್ಲಿ ಸೌಲಭ್ಯ ಇಲ್ಲದಿದ್ದರೆ ✗ ಹಾಕಿ ಪಕ್ಕದಲ್ಲಿ "ಇಲ್ಲ" ಅಂತಲೇ ಬರೆಯುತ್ತೇನೆ. ಬಣ್ಣ ನಂಬಿಕೊಂಡು ಕೂರಲ್ಲ, ಯಾಕೆಂದರೆ ಜೆರಾಕ್ಸ್ ಮಾಡಿಸಿದರೆ ಕೆಂಪು, ಹಸಿರು ಎರಡೂ ಒಂದೇ ಬೂದು.

ಅವರಿಗೆ ಮಾಡಿಕೊಟ್ಟ ಪಟ್ಟಿಯ ಮುಖ್ಯ ಸಾಲುಗಳು ಇವು:

| | ಪಿಕ್ಸೆಲ್ 7ಎ | ಗ್ಯಾಲಕ್ಸಿ ಎ54 |
|---|---|---|
| ಪರದೆ | 6.1 ಇಂಚು, 90 ಹರ್ಟ್ಸ್ | 6.4 ಇಂಚು, 120 ಹರ್ಟ್ಸ್ |
| ಬ್ಯಾಟರಿ | 4385 ಎಂಎಎಚ್ | 5000 ಎಂಎಎಚ್ |
| ವೈರ್ ಚಾರ್ಜಿಂಗ್ | 18 ವ್ಯಾಟ್ | 25 ವ್ಯಾಟ್ |
| ವೈರ್ ಇಲ್ಲದ ಚಾರ್ಜಿಂಗ್ | 7.5 ವ್ಯಾಟ್ | ✗ ಇಲ್ಲ |
| ಎನ್‌ಎಫ್‌ಸಿ | ✓ | ✓ |
| ಪ್ಲಾಸ್ಟಿಕ್ ಸಿಮ್ | 1 | 2 |
| ಮೆಮೊರಿ ಕಾರ್ಡ್ | ✗ ಇಲ್ಲ | 1 ಟಿಬಿವರೆಗೆ, 2ನೇ ಸಿಮ್ ಜಾಗದಲ್ಲಿ |
| ಇಯರ್‌ಫೋನ್ ತೂತು | ✗ ಇಲ್ಲ | ✗ ಇಲ್ಲ |

ಟಿಕ್ ಎಲ್ಲಿ, ಅಂಕಿ ಎಲ್ಲಿ ಅನ್ನೋದಕ್ಕೆ ನನ್ನ ಲೆಕ್ಕ ಇಷ್ಟೇ. "ಎಷ್ಟು?" ಅಂತ ಕೇಳಬಹುದಾದ್ದಕ್ಕೆಲ್ಲ ಅಂಕಿ, ಇದೆಯೋ ಇಲ್ಲವೋ ಅನ್ನೋದಕ್ಕೆ ಮಾತ್ರ ಟಿಕ್. ಅವರು ತಂದಿದ್ದ ಪಟ್ಟಿಯಲ್ಲಿ "ಫಾಸ್ಟ್ ಚಾರ್ಜಿಂಗ್" ಅಂತ ಎರಡಕ್ಕೂ ಟಿಕ್ ಇತ್ತು. 18 ಮತ್ತು 25ರ ವ್ಯತ್ಯಾಸ ಆ ಟಿಕ್‌ನೊಳಗೆ ಮುಚ್ಚಿಹೋಗಿತ್ತು. ಇನ್ನು ಬ್ಯಾಟರಿ ಅಂಕಿ ಬರೆಯುವಾಗ ಎರಡು ಕಡೆಯೂ ಒಂದೇ ಬಗೆಯದ್ದು ಇರಬೇಕು. ಪಿಕ್ಸೆಲ್ 7ಎಗೆ ಸಾಮಾನ್ಯ ಅಳತೆ 4385, ಕನಿಷ್ಠ 4300 ಅಂತ ಎರಡು ಅಂಕಿ ಕೊಟ್ಟಿದ್ದಾರೆ. ಒಂದಕ್ಕೆ ಕನಿಷ್ಠ, ಇನ್ನೊಂದಕ್ಕೆ ಸಾಮಾನ್ಯ ಬರೆದರೆ ಆ ಹೋಲಿಕೆಯೇ ತಪ್ಪು.

ಜಾಸ್ತಿ ಹೊತ್ತು ಹಿಡಿದದ್ದು ಸಿಮ್ ಸಾಲು. "ಎರಡು ಸಿಮ್" ಅಂತ ಎರಡಕ್ಕೂ ಟಿಕ್ ಹಾಕಿದರೆ ಸುಳ್ಳೇನಲ್ಲ. ಆದರೆ ಪಿಕ್ಸೆಲ್‌ನಲ್ಲಿ ಪ್ಲಾಸ್ಟಿಕ್ ಸಿಮ್‌ಗೆ ಜಾಗ ಒಂದೇ, ಎರಡನೆಯದು ಇ-ಸಿಮ್ ಆಗಬೇಕು. ಎ54ರಲ್ಲಿ ಎರಡೂ ಹಾಕಬಹುದು, ಆದರೆ ಮೆಮೊರಿ ಕಾರ್ಡ್ ಹಾಕಿದರೆ ಎರಡನೇ ಸಿಮ್‌ನ ಜಾಗ ಹೋಯಿತು. ಟೀಚರ್ ಹತ್ತಿರ ಮನೆಯದೊಂದು, ಸ್ಕೂಲಿಂದೊಂದು ಸಿಮ್ ಇತ್ತು, ಮೇಲೆ ಮಕ್ಕಳ ಫೋಟೊ ತುಂಬಿದ ಕಾರ್ಡ್ ಬೇರೆ. ಹಾಗಾಗಿ ಷರತ್ತನ್ನು ಪಟ್ಟಿಯ ಆ ಮನೆಯೊಳಗೇ ಬರೆದೆ. ನಕ್ಷತ್ರ ಹಾಕಿ ಕೆಳಗೆ ಚಿಕ್ಕ ಅಕ್ಷರದಲ್ಲಿ ಬರೆದದ್ದನ್ನು ಯಾರೂ ಓದಲ್ಲ ಅಲ್ವಾ. ಎ54ರ ಇ-ಸಿಮ್ ಮಾತ್ರ ಮಾರುವ ದೇಶ ನೋಡಿ ಬದಲಾಗುತ್ತದೆ. ಅಂಥ ಮನೆಗೆ "ಇಲ್ಲ" ಹಾಕುವಂತಿಲ್ಲ. "ನೋಡಬೇಕು" ಅಂತ ಬರೆದು, ಕೈಯಲ್ಲಿರುವ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಭಾಗ ತೆರೆದು, ಇ-ಸಿಮ್ ಸೇರಿಸುವ ಆಯ್ಕೆ ಇದೆಯಾ ಅಂತ ನೋಡಿಯೇ ತುಂಬುತ್ತೇನೆ.

ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡುತ್ತೇನೆ. ಪ್ರಿಂಟ್ ಕೊಡುವ ಮುಂಚೆ ಇದೊಂದು ಹಾಕಿ ನೋಡುತ್ತೇನೆ:

```
=COUNTBLANK(B2:C9)
```

ಸೊನ್ನೆ ಬಂದರೆ ಖಾಲಿ ಮನೆ ಇಲ್ಲ ಅಂತ. ಆಮೇಲೆ ವ್ಯತ್ಯಾಸ ಇರುವ ಸಾಲುಗಳು ಮಾತ್ರ ಎದ್ದು ಕಾಣಲಿ ಅಂತ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಇದು:

```
=$B2<>$C2
```

ಇದರಲ್ಲೊಂದು ತೊಡಕಿದೆ. ಒಂದು ಕಡೆ "8ಜಿಬಿ", ಇನ್ನೊಂದು ಕಡೆ "8 ಜಿಬಿ" ಅಂತಿದ್ದರೆ ನಡುವಿನ ಆ ಜಾಗಕ್ಕೇ ಬೇರೆ ಬೇರೆ ಅಂತ ತೋರಿಸಿಬಿಡುತ್ತದೆ. ಬರೆಯುವ ರೀತಿ ಎರಡೂ ಕಡೆ ಒಂದೇ ಇರಬೇಕು. ನಾನು ಎದ್ದು ಕಾಣುವ ಸಾಲಿಗೆ ಬಣ್ಣದ ಬದಲು ದಪ್ಪ ಅಕ್ಷರ ಇಡುತ್ತೇನೆ, ಜೆರಾಕ್ಸ್‌ನಲ್ಲೂ ಗೊತ್ತಾಗುತ್ತದೆ.

ಟೀಚರ್ ಹಾಳೆ ಹಿಡಿದು ಮೊದಲು ನೋಡಿದ್ದು ಮೆಮೊರಿ ಕಾರ್ಡ್ ಸಾಲನ್ನೇ. "ಹಾಗಾದ್ರೆ ಎರಡು ಪ್ಲಾಸ್ಟಿಕ್ ಸಿಮ್, ಒಂದು ಕಾರ್ಡ್, ಮೂರೂ ಒಟ್ಟಿಗೆ ಯಾವುದರಲ್ಲೂ ಆಗಲ್ಲ" ಅಂದರು. ಆಗಲ್ಲ ಮೇಡಂ ಅಂದೆ. ಫೋಟೊಗಳನ್ನು ಮನೆಯ ಲ್ಯಾಪ್‌ಟಾಪ್‌ಗೆ ಹಾಕಿಕೊಂಡು, ಎರಡೂ ಸಿಮ್ ಹಾಕಿ ಎ54 ತಗೊಂಡರು, 256 ಜಿಬಿಯದ್ದು.