ಕಾಣದ ಜಾಗ ಕಪ್ಪಾಗಿ ಇರೋದಿಲ್ಲ

ನಾನು ಬಾಗಲಕೋಟೆಯ ಒಂದು ಸಹಕಾರಿ ಸಂಘದ ಪಿಗ್ಮಿ ಏಜೆಂಟ್. ಹಳೇ ಊರಿನ ಪೇಟೆಯಲ್ಲಿ ದಿನಾ 60 ಅಂಗಡಿ ಸುತ್ತಿ ಹಣ ಕೂಡಿಸುತ್ತೇನೆ. ಮೂರು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ಮೂರು ತಪ್ಪಾದವು. ಕಾಯಿಪಲ್ಲೆ ಮಾರುವವಳ ಬದನೆಕಾಯಿ ಬುಟ್ಟಿಗೆ ಕಾಲು ಹಾಕಿದೆ. ಕಿರಾಣಿ ಅಂಗಡಿಯ ಮೆಟ್ಟಿಲು ಇಳಿಯುವಾಗ ಕೊನೆಯದು ಇಲ್ಲವೆಂದೇ ತಿಳಿದು ಕಾಲಿಟ್ಟು ಬಿದ್ದೆ. ಒಬ್ಬರು ಕೊಟ್ಟ 200 ರೂಪಾಯಿಯನ್ನು ವಹಿಯಲ್ಲಿ ಅವರ ಕೆಳಗಿನವರ ಸಾಲಿಗೆ ಬರೆದೆ. ಬುಟ್ಟಿಗೆ ಗಡಿಬಿಡಿ ಕಾರಣ, ಬಿದ್ದದ್ದಕ್ಕೆ ಚಪ್ಪಲಿ ಕಾರಣ, ವಹಿಗೆ ದಣಿವು ಕಾರಣ ಅಂದುಕೊಂಡೆ. ಮೂರಕ್ಕೂ ಕಾರಣ ಒಂದೇ ಇರಬಹುದು ಅಂತ ಹೊಳೆಯಲೇ ಇಲ್ಲ.

ಕನ್ನಡಕದ ಅಂಗಡಿಯಲ್ಲಿ ತೋರಿಸಿದೆ. ಗೋಡೆ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದೆ. 'ಕಣ್ಣು ಚಲೋ ಅದಾವ್ರೀ ಅಕ್ಕಾರ' ಅಂದರು. ಅವರು ನೋಡಿದ್ದು ನಟ್ಟನಡುವಿನ ನೋಟವನ್ನು ಮಾತ್ರ. ಸುತ್ತಲಿನ ನೋಟವನ್ನು ಮೊದಲು ಕದಿಯುವ ಗ್ಲಾಕೋಮಾ ಎಂಬ ಕಣ್ಣಿನ ರೋಗವನ್ನು ಆ ಅಕ್ಷರದ ಪಟ ಹಿಡಿದು ಕಂಡುಹಿಡಿಯಲು ಆಗುವುದಿಲ್ಲ. ಮುಂದೆ ಕಣ್ಣಿನ ಡಾಕ್ಟರ್ ಕಣ್ಣಿನೊಳಗಿನ ಒತ್ತಡ ಅಳೆದಾಗ ಬಲಗಣ್ಣಿನಲ್ಲಿ 32, ಎಡಗಣ್ಣಿನಲ್ಲಿ 28 ಬಂತು. ಸಾಮಾನ್ಯವಾಗಿ ಅದು 10ರಿಂದ 21ರ ಒಳಗೆ ಇರುತ್ತದೆ. ಕಣ್ಣಿನಿಂದ ಮಿದುಳಿಗೆ ಹೋಗುವ ನರ ಸವೆದಿದೆ, ಇದು ಗ್ಲಾಕೋಮಾ ಅಂದರು. ಮರುದಿನ ಸುತ್ತಲಿನ ನೋಟ ಎಷ್ಟಿದೆ ಅಂತ ನೋಡುವ ಫೀಲ್ಡ್ ಟೆಸ್ಟ್ ಮಾಡಿಸಿದರು.

ಆ ಟೆಸ್ಟ್ ನನಗೆ ಇವತ್ತಿಗೂ ನೆನಪಿದೆ. ಒಂದು ಕಣ್ಣು ಮುಚ್ಚಿ, ಗದ್ದವನ್ನು ಯಂತ್ರದ ಮೇಲಿಟ್ಟು, ದೊಡ್ಡ ಬೋಗುಣಿಯಂಥ ಬಿಳಿ ಪರದೆಯ ನಡುವಿನ ದೀಪವನ್ನೇ ನೋಡಬೇಕು. ಸುತ್ತ ಎಲ್ಲಾದರೂ ಚುಕ್ಕಿ ಬೆಳಕು ಮಿಂಚಿದರೆ ಗುಂಡಿ ಒತ್ತಬೇಕು. ನಡುವೆ ಎಷ್ಟೋ ಹೊತ್ತು ಒಂದೂ ಚುಕ್ಕಿ ಬರಲಿಲ್ಲ. 'ಯಂತ್ರ ನಿಂತದ ಏನ್ರಿ?' ಅಂತ ಕೇಳಿದೆ. ಟೆಸ್ಟ್ ಮಾಡುತ್ತಿದ್ದ ಹುಡುಗಿ, 'ಇಲ್ರೀ ಅಮ್ಮಾ, ನಡದದ' ಅಂದಳು. ಚುಕ್ಕಿಗಳು ಬರುತ್ತಲೇ ಇದ್ದವು, ನನಗೆ ಕಾಣದ ಜಾಗದಲ್ಲಿ. ಕಾಗದ ಬಂದಾಗ ನೋಡಿದರೆ ಎರಡೂ ಕಣ್ಣಿನ ಚಿತ್ರದಲ್ಲಿ ಅಡ್ಡಗೆರೆಯ ಕೆಳಗೆ ಕಮಾನಿನ ಹಾಗೆ ಕಪ್ಪು ಬಳಿದಿತ್ತು. ಗೆರೆಯ ಮೇಲೆ ಸ್ವಚ್ಛ.

ಕಾಗದದಲ್ಲಿ ಅದು ಕಪ್ಪು. ಕಣ್ಣಿಗೆ ಮಾತ್ರ ಕಪ್ಪೂ ಅಲ್ಲ, ಮಂಜೂ ಅಲ್ಲ. ಕಾಣದ ಜಾಗವನ್ನು ಮಿದುಳು ಪಕ್ಕದ ನೆಲದ ಬಣ್ಣದಿಂದ ತಾನೇ ತುಂಬಿಬಿಡುತ್ತದೆ. ಬೂದು ಫರಸಿಯ ಮೇಲೆ ಬುಟ್ಟಿ ಇದ್ದರೂ ನನಗೆ ಕಾಣುವುದು ಬರೀ ಬೂದು ಫರಸಿ. ಅದಕ್ಕೇ 'ನನಗೆ ಚೆನ್ನಾಗಿ ಕಾಣ್ತದ' ಎಂದು ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಇನ್ನೊಂದು ಕಾರಣವೂ ಇದೆ. ಒಂದು ಕಣ್ಣು ಬಿಟ್ಟದ್ದನ್ನು ಇನ್ನೊಂದು ಹಿಡಿದುಕೊಡುತ್ತದೆ. ಎರಡರಲ್ಲೂ ಒಂದೇ ಜಾಗ ಹೋದಾಗಲೇ ಎಡವುವುದು ಶುರು.

ಹೋದ ನೋಟ ಹನಿ ಹಾಕಿದರೆ ತಿರುಗಿ ಬರುವುದಿಲ್ಲ. ಇನ್ನಷ್ಟು ಹೋಗದಂತೆ ತಡೆಯಲಿಕ್ಕೆ ಹನಿ. ಅದನ್ನು ರಾತ್ರಿ 9ಕ್ಕೆ ತಪ್ಪದೆ ಹಾಕುತ್ತೇನೆ. ಉಳಿದದ್ದು ನಡೆಯುವ, ಓದುವ ರೀತಿ ಬದಲಿಸುವ ಕೆಲಸ.

ನಡೆಯುವುದರಲ್ಲಿ ನಾನು ಮೊದಲು ಮಾಡಿದ್ದು ತಪ್ಪು. ಭಯಕ್ಕೆ ತಲೆ ತಗ್ಗಿಸಿ ನನ್ನ ಪಾದವನ್ನೇ ನೋಡುತ್ತಾ ನಡೆದೆ. ಆಗ ಎದುರಿಗೆ ಬರುವ ಸೈಕಲ್ ಗೊತ್ತಾಗದು, ಕುತ್ತಿಗೆ ನೋವು ಬೇರೆ. ಪಾದದ ಹತ್ತಿರ ನೋಡಿ ಉಪಯೋಗವೂ ಇಲ್ಲ, ಅಷ್ಟೊತ್ತಿಗೆ ಕಾಲು ಮುಂದೆ ಹೋಗಿರುತ್ತದೆ. ಈಗ ನಾಲ್ಕೈದು ಹೆಜ್ಜೆ ಮುಂದಿನ ನೆಲವನ್ನು ಎಡದಿಂದ ಬಲಕ್ಕೆ ಕಸಬರಿಗೆ ಆಡಿಸಿದ ಹಾಗೆ ಒಮ್ಮೆ ಕಣ್ಣಾಡಿಸುತ್ತೇನೆ. ಆಮೇಲೆ ತಲೆ ಎತ್ತಿ ಎದುರಿಗೆ ನೋಡುತ್ತೇನೆ. ಮತ್ತೆ ನೆಲ. ಆ ನಾಲ್ಕೈದು ಹೆಜ್ಜೆಯ ನೆಲ ನೆನಪಿನಲ್ಲಿ ಇಟ್ಟುಕೊಂಡು ನಡೆಯುವುದು. ಶುರುವಿನಲ್ಲಿ ಹದಿನೈದು ದಿನ ಮಗಳು ಹಿಂದೆಯೇ ಬಂದಳು. ನಾನು ಏನಾದರೂ ಬಿಟ್ಟರೆ 'ಅವ್ವಾ, ಎಡಕ್ಕ ಕಲ್ಲು' ಅನ್ನುತ್ತಿದ್ದಳು. ಎಲ್ಲಿ ಬಿಡುತ್ತೇನೆ ಅಂತ ನನಗೆ ಗೊತ್ತಾದದ್ದು ಅವಳಿಂದಲೇ.

ಮೆಟ್ಟಿಲು ಹತ್ತುವುದು ಅಷ್ಟು ಕಷ್ಟವಲ್ಲ, ಮೆಟ್ಟಿಲ ಮುಖ ಎದುರಿಗೇ ಇರುತ್ತದೆ. ಇಳಿಯುವಾಗ ಮುಂದಿನ ಮೆಟ್ಟಿಲು ಸರಿಯಾಗಿ ನನ್ನ ಕಾಣದ ಜಾಗಕ್ಕೆ ಬೀಳುತ್ತದೆ. ಹಾಗಾಗಿ ಮೇಲೆ ನಿಂತೇ ಎಣಿಸಿಕೊಳ್ಳುತ್ತೇನೆ. ಒಂದು ಕೈ ಕಂಬಿಗೆ, ಹಿಮ್ಮಡಿ ಮೆಟ್ಟಿಲ ಅಂಚಿಗೆ ತಾಗಿಸಿ ಇಳಿಯುತ್ತೇನೆ. ಬೈಫೋಕಲ್ ಕನ್ನಡಕವನ್ನು ನಡೆಯುವಾಗ ಬಿಟ್ಟೆ. ಅದರ ಕೆಳಭಾಗ ಓದಲಿಕ್ಕೆ ಇರುವುದು, ಅದರಲ್ಲಿ ನೆಲ ಮಂಜಾಗುತ್ತದೆ. ಇದ್ದ ಅಷ್ಟಿಷ್ಟು ಕೆಳಗಿನ ನೋಟವನ್ನೂ ಅದು ಕೆಡಿಸುತ್ತಿತ್ತು. ಈಗ ದೂರದ್ದಕ್ಕೆ ಒಂದು, ಓದಲು ಒಂದು. ಬಿಸಿಲಿನಿಂದ ಕತ್ತಲೆಯ ಅಂಗಡಿಗೆ ಹೋಗುವಾಗ ಹೊಸ್ತಿಲಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತೇನೆ, ಕಣ್ಣು ಹೊಂದಿಕೊಂಡ ಮೇಲೇ ಹೆಜ್ಜೆ.

ಓದಿನಲ್ಲಿ ನನಗೆ ಆಶ್ಚರ್ಯವಾದದ್ದು ಒಂದಿದೆ. ಎಲ್ಲರೂ ಅಕ್ಷರ ದೊಡ್ಡದು ಮಾಡಿಕೋ ಅಂದರು. ಮೊಬೈಲಿನಲ್ಲಿ ಮಾಡಿದೆ, ಕಷ್ಟ ಜಾಸ್ತಿಯಾಯಿತು. ಅಕ್ಷರ ದೊಡ್ಡದಾದಷ್ಟೂ ಒತ್ತಕ್ಷರ ಕೆಳಕ್ಕೆ ಹೋಗುತ್ತದೆ, ಅಲ್ವಾ? ಅದು ಕಾಣದ ಜಾಗಕ್ಕೆ ಜಾರುತ್ತದೆ. ಪತ್ರಿಕೆಯ ದಪ್ಪ ತಲೆಬರಹದಲ್ಲಿ 'ಕತ್ತೆ' ಇದ್ದರೆ ಒಮ್ಮೊಮ್ಮೆ ನನಗೆ 'ಕತೆ' ಅಂತ ಕಂಡಿದೆ. ಅದೇ ಸುದ್ದಿಯ ಸಣ್ಣ ಅಕ್ಷರ ಸಲೀಸು. ಹಾಗಾಗಿ ಸಾಧಾರಣ ಅಕ್ಷರ, ಒಳ್ಳೆ ಬೆಳಕು, ಕೈಯಳತೆಯಷ್ಟು ದೂರ. ಬಸ್ಸಿನ ಬೋರ್ಡಿಗೂ ಇದೇ ಉಪಾಯ. ತೀರ ಹತ್ತಿರ ನಿಂತರೆ ಊರ ಹೆಸರು ಪೂರ್ತಿ ಸಿಗುವುದಿಲ್ಲ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಸಿಗುತ್ತದೆ. ನಡುವಿನ ನೋಟ ಮಂಜಾದವರಿಗೆ ದೊಡ್ಡ ಅಕ್ಷರವೇ ಬೇಕು, ಅವರ ಮಾತು ಬೇರೆ.

ವಹಿಯಲ್ಲಿ ಸಾಲು ತಪ್ಪುವುದಕ್ಕೆ ಒಂದು ಕಪ್ಪು ರಟ್ಟು ಇಟ್ಟುಕೊಂಡಿದ್ದೇನೆ. ಬರೆಯುವ ಸಾಲಿನ ಕೆಳಗೆ ಅದನ್ನಿಟ್ಟು, ಬರೆದ ಮೇಲೆ ಒಂದು ಸಾಲು ಕೆಳಗೆ ಸರಿಸುತ್ತೇನೆ. ಎಡಗೈ ಬೆರಳು ಸಾಲಿನ ಮೊದಲಲ್ಲಿ ಇರುತ್ತದೆ. ಬರೆಯುವ ಮೊದಲು ಹೆಸರನ್ನು ಬಾಯಿಬಿಟ್ಟು ಓದುತ್ತೇನೆ. ಎದುರಿಗೆ ಕೂತವರಿಗೂ ಕೇಳುತ್ತದೆ. ಆ ಮೇಲೆ ಒಂದು ಸಲವೂ ಲೆಕ್ಕ ತಪ್ಪಿಲ್ಲ.

ಸ್ಕೂಟಿ ಬಿಟ್ಟೆ. ವಿದ್ಯಾಗಿರಿಯಲ್ಲಿ ಒಂದು ಮೇಕೆಮರಿ ಚಕ್ರದ ಪಕ್ಕದಲ್ಲೇ ಇತ್ತು, ನನ್ನ ಪಾಲಿಗೆ ರಸ್ತೆ ಖಾಲಿ. ಮರಿಗೆ ಏನೂ ಆಗಲಿಲ್ಲ. ಅಲ್ಲಿ ಕೂಸು ಇದ್ದಿದ್ದರೆ? ಈಗ ನವನಗರದಿಂದ ಪೇಟೆಗೆ ಬಸ್ಸು. ಕಂಡಕ್ಟರಿಗೆ ಹತ್ತುವಾಗಲೇ, 'ಇಳಿಯೂದಕ್ಕ ಸ್ವಲ್ಪ ತಡ ಆಗ್ತದ್ರೀ, ನನಗ ಕೆಳಗಿಂದು ಕಾಣೂದಿಲ್ಲ' ಎನ್ನುತ್ತೇನೆ. ಬರೀ 'ಕಣ್ಣು ಕಾಣಂಗಿಲ್ಲ' ಅಂದರೆ ಮೊಬೈಲ್ ನೋಡುವವಳು ಸುಳ್ಳು ಹೇಳುತ್ತಾಳೆ ಅಂದುಕೊಳ್ಳುತ್ತಾರೆ. ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿಯುತ್ತೇನೆ. ಬಸ್ಸಿನ ಕೊನೆಯ ಮೆಟ್ಟಿಲಿನಿಂದ ನೆಲ ಬಹಳ ಕೆಳಗೆ. ಕಂಬಿ ಬಿಡದೆ ಒಂದು ಕಾಲಿನಿಂದ ನೆಲ ಮುಟ್ಟಿ ನೋಡಿ, ಆಮೇಲೆ ಭಾರ ಹಾಕುತ್ತೇನೆ.

ನಾನು ಬಿದ್ದ ಆ ಕಿರಾಣಿ ಅಂಗಡಿಯ ಅಣ್ಣಾರಿಗೆ ಇದನ್ನೆಲ್ಲ ಹೇಳಿದೆ. ಮರುವಾರ ಹೋದಾಗ ಮೂರೂ ಮೆಟ್ಟಿಲಿಗೆ ಪೂರ್ತಿ ಹಳದಿ ಬಣ್ಣ ಹೊಡೆಸಿದ್ದರು. ಮೇಲಿನಿಂದ ನೋಡಿದರೆ ಮೊದಲು ಒಂದೇ ಬೂದು ಇದ್ದದ್ದು ಈಗ ಒಂದೇ ಹಳದಿ. ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. 'ಅಣ್ಣಾರ, ಅಂಚು ಬ್ಯಾರೆ ಕಾಣಬೇಕ್ರಿ' ಅಂದೆ. ಅವರು ತಾವೇ ಕುಂಚ ಹಿಡಿದು ಕೂತು, ಪ್ರತಿ ಮೆಟ್ಟಿಲ ಅಂಚಿಗೂ ಎರಡು ಬೆರಳಗಲ ಕಪ್ಪು ಪಟ್ಟಿ ಎಳೆದರು. ಬಣ್ಣ ಆರುವವರೆಗೆ ನಾನು ಮೇಲೆಯೇ ಕೂತು ಅವರ ಪಿಗ್ಮಿ ಬರೆದುಕೊಂಡೆ.