ಮೂರು ರೂಪಾಯಿ ಬಡ್ಡಿ, ಅಮ್ಮನ ಓಲೆ

ಬೈಕ್ ಇಂಜಿನ್ ಬಿಚ್ಚಬೇಕು ಅಂದಾಗ ಅಮ್ಮ ಕಿವಿಯ ಓಲೆ ತೆಗೆದುಕೊಟ್ಟಳು. ಗಿರವಿ ಅಂಗಡಿಯಲ್ಲಿ 10,000 ಸಿಕ್ಕಿತು, ಮೂರು ರೂಪಾಯಿ ಬಡ್ಡಿಗೆ. ಅಂದರೆ ನೂರಕ್ಕೆ ತಿಂಗಳಿಗೆ ಮೂರು. ತಿಂಗಳಿಗೆ ಬರೀ 300 ತಾನೆ, ಯಾವಾಗ ಬೇಕಾದರೂ ಕಟ್ಟಿದರಾಯ್ತು ಅಂದುಕೊಂಡೆ. ವರ್ಷಕ್ಕೆ ಅದು ನೂರಕ್ಕೆ 36 ಆಗುತ್ತೆ ಅನ್ನೋದು ತಲೆಗೇ ಬರಲಿಲ್ಲ.

ಒಂದು ವರ್ಷ ಒಂದು ಪೈಸೆಯೂ ಕಟ್ಟಲಿಲ್ಲ. ಆಮೇಲೆ ಅಂಗಡಿಯಿಂದ ಫೋನ್ ಬಂತು, ಚೀಟಿ ರಿನ್ಯೂ ಮಾಡಿಸಿ ಅಂತ. ಹೋದೆ, ಅವರು ತೋರಿಸಿದಲ್ಲಿ ಸಹಿ ಹಾಕಿ ಬಂದೆ. ಕೈಯಿಂದ ಏನೂ ಕೊಡಬೇಕಾಗಿರಲಿಲ್ಲ, ಅದೇ ಖುಷಿ. ಮುಂದಿನ ವರ್ಷವೂ ಹಾಗೇ.

ಮೂರು ವರ್ಷ ಆದಮೇಲೆ ಸರಿಯಾಗಿ ಲೆಕ್ಕ ಹಾಕದೇ 15,000 ಜೇಬಿನಲ್ಲಿಟ್ಟುಕೊಂಡು ಬಿಡಿಸಿಕೊಳ್ಳೋಕೆ ಹೋದೆ. ಅಂಗಡಿಯವರು ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದರು: 25,155.

ಲೆಕ್ಕ ತಪ್ಪಾಗಿದೆ ಅಂತ ಜಗಳಕ್ಕೇ ನಿಂತೆ. ಮೂರು ವರ್ಷಕ್ಕೆ 10,800 ಬಡ್ಡಿ, ಒಟ್ಟು 20,800 ಅಲ್ವಾ? ಅವರು ಸುಮ್ನೆ ಮೂರೂ ಚೀಟಿ ಮುಂದಿಟ್ಟರು. ಮೊದಲನೆಯದರಲ್ಲಿ ಅಸಲು 10,000. ಎರಡನೆಯದರಲ್ಲಿ 13,600. ಮೂರನೆಯದರಲ್ಲಿ 18,496. ನಾನು ಕಟ್ಟದ ಬಡ್ಡಿಯನ್ನೆಲ್ಲ ಪ್ರತಿ ಸಲ ಅಸಲಿಗೆ ಸೇರಿಸಿ ಹೊಸ ಚೀಟಿ ಬರೆದಿದ್ದರು. ಮೊದಲ ವರ್ಷ ತಿಂಗಳಿಗೆ 300 ಇದ್ದ ಬಡ್ಡಿ ಮೂರನೇ ವರ್ಷ 555 ಆಗಿತ್ತು. ಹೊಸ ಚೀಟಿ ಎರಡರ ಮೇಲೂ ಇದ್ದದ್ದು ನನ್ನದೇ ಸಹಿ, ಏನು ಮಾತಾಡೋದು?

ಒಂದು ಗಂಟೆ ಕೂತು ಚೌಕಾಸಿ ಮಾಡಿದೆ. 23,000ಕ್ಕೆ ಒಪ್ಪಿದರು. ಕಡಿಮೆ ಬಿದ್ದ 8,000 ಅಣ್ಣನ ಹತ್ತಿರ ಕೈಗಡ ತಂದೆ, ಬೈಗುಳವೂ ಜೊತೆಗೆ ಬಂತು.

ಅವತ್ತು ರಾತ್ರಿ ನೋಟ್‌ಬುಕ್ ಹಿಡಿದು ಕೂತೆ. ಶುರುವಿಂದಲೇ ತಿಂಗಳಿಗೆ 1,000 ಕಟ್ಟಿದ್ದರೆ? ಮೊದಲ ತಿಂಗಳು 300 ಬಡ್ಡಿಗೆ ಹೋಗಿ 700 ಅಸಲಿಗೆ ಇಳಿಯುತ್ತೆ. ಉಳಿದ 9,300ಕ್ಕೆ ಮುಂದಿನ ತಿಂಗಳ ಬಡ್ಡಿ 279, ಹಾಗಾಗಿ ಅಸಲಿಗೆ 721. ಹೀಗೇ ಬರೆಯುತ್ತಾ ಹೋದರೆ ಹನ್ನೆರಡನೇ ತಿಂಗಳ ಕೊನೆಗೆ ಉಳಿಯೋದು ಬರೀ 66 ರೂಪಾಯಿ! ಆಗ ಬೈಕ್‌ಗೆ ಸೀಟ್ ಕವರ್, ಅಲಾಯ್ ವ್ಹೀಲ್ ಅಂತ ಖರ್ಚು ಮಾಡಿದ್ದೇ ತಿಂಗಳಿಗೆ ಆ ಸಾವಿರಕ್ಕಿಂತ ಜಾಸ್ತಿ. ಆದರೆ ಕಟ್ಟಿದ್ದು ಅಸಲಿಗೂ ಇಳಿಯಬೇಕು ಅಂದರೆ ಅಂಗಡಿಯವರು ಬಿಡಿ ಕಂತು ತಗೊಳ್ಳಬೇಕು, ಚೀಟಿಯ ಹಿಂದೆ ತಾರೀಖು ಹಾಕಿ ಬರೆದುಕೊಡಬೇಕು. ಕೆಲವರು ಬಡ್ಡಿ ಮಾತ್ರ ತಗೊಳ್ಳುತ್ತಾರೆ, ಅಸಲು ಒಟ್ಟಿಗೇ ತನ್ನಿ ಅಂತಾರೆ. ಇಡುವಾಗಲೇ ಕೇಳಬೇಕಿತ್ತು.

ಓಲೆ ತಂದುಕೊಟ್ಟಾಗ ಅಮ್ಮ ಏನೂ ಅನ್ನಲಿಲ್ಲ. ಕಿವಿಯಿಂದ ಬೇವಿನ ಕಡ್ಡಿ ತೆಗೆದು ಕಿಟಕಿಯ ಮೇಲಿಟ್ಟಳು. ತೂತು ಮುಚ್ಚಬಾರದು ಅಂತ ಮೂರು ವರ್ಷ ಅದನ್ನೇ ಹಾಕಿಕೊಂಡಿದ್ದಳಂತೆ. ನಾನು ಒಂದು ಸಲವೂ ಗಮನಿಸಿರಲಿಲ್ಲ.